ಮುಚ್ಚಿದರೂ ತೆರೆದುಕೊಳ್ಳುವ ಶಟರ್

ಅಡುಗೆಮನೆಯ ಮೇಲುಸಾಲಿನ ಕಪಾಟುಗಳಿಗೆ ಪಕ್ಕಕ್ಕೆ ತೆರೆಯುವ ಬಾಗಿಲಿನ ಬದಲು ಮೇಲಕ್ಕೆ ಎತ್ತುವ ಶಟರ್ ಹಾಕಿಸುವ ರೂಢಿ ಈಗ ಸಾಮಾನ್ಯವಾಗಿದೆ. ತೆರೆದಿಟ್ಟ ಬಾಗಿಲಿನ ಅಂಚಿಗೆ ತಲೆ ಬಡಿಯುವುದಿಲ್ಲ, ಎರಡೂ ಕೈಯಲ್ಲಿ ಡಬ್ಬ ಇಳಿಸಿಕೊಳ್ಳಬಹುದು. ಶಟರನ್ನು ಎತ್ತಿ ಹಿಡಿಯುವುದು ಕಪಾಟಿನ ಒಳಗಡೆ ಎಡಬಲಕ್ಕೆ ಕೂರಿಸಿದ ಎರಡು ಸಣ್ಣ ಕೊಳವೆಗಳು. ಕಾರ್ಪೆಂಟರುಗಳು ಇವನ್ನು ಗ್ಯಾಸ್ ಪಂಪ್ ಅನ್ನುತ್ತಾರೆ. ಕೆಲವು ಅಂಗಡಿಗಳಲ್ಲಿ ಹೈಡ್ರಾಲಿಕ್ ಪಂಪ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ.

ಈ ಪಂಪಿನ ಬಗ್ಗೆ ಬರುವ ದೂರು ಎರಡು ಬಗೆಯದು. ಒಂದು, ಎತ್ತಿದ ಶಟರ್ ನಿಲ್ಲದೆ ಕೆಳಗಿಳಿಯುವುದು. ಗ್ಯಾಸ್ ಹೋಗಿದೆ, ಪಂಪ್ ಬದಲಾಯಿಸಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ. ಮುಚ್ಚಿ ಹೋದ ಶಟರ್ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಎರಡು ಬೆರಳಷ್ಟು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಇಲ್ಲವೇ ಸ್ವಲ್ಪ ಎಳೆದೊಡನೆ ಕೈತಪ್ಪಿ ಹಾರಿ ಮೇಲಕ್ಕೆ ಬಡಿಯುತ್ತದೆ. ಇದು ಪಂಪ್ ಹೊಸದಿದ್ದಾಗಲೇ ಕಾಣಿಸಿಕೊಳ್ಳುವ ತೊಂದರೆಯಾದ್ದರಿಂದ ‘ಹೊಸದಲ್ವಾ, ಸ್ವಲ್ಪ ದಿನ ಹೋದ್ರೆ ಸಡಿಲ ಆಗುತ್ತೆ’ ಎಂಬ ಸಮಾಧಾನದ ಮಾತು ಸಿಗುತ್ತದೆಯೇ ಹೊರತು ರಿಪೇರಿ ಸಿಗುವುದಿಲ್ಲ. ಪಂಪಿನ ಗ್ಯಾಸ್ ಇಳಿಯುವುದು ಬಹಳ ನಿಧಾನ. ಅಷ್ಟರಲ್ಲಿ ಹಿಂಜಿನ ಸ್ಕ್ರೂಗಳು ಕಿತ್ತು ಬಂದಿರುತ್ತವೆ.

ತಾನಾಗಿ ಏಳುವ ಶಟರನ್ನು ಸರಿಪಡಿಸುವುದು ಕಷ್ಟದ ಕೆಲಸವಲ್ಲ. ಆದರೆ ಅದಕ್ಕೆ ಪಂಪ್ ಎಷ್ಟು ಬಲ ಹಾಕುತ್ತಿದೆ, ಆ ಬಲ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೆಚ್ಚಿನವರು ಮೊದಲನೆಯದನ್ನಷ್ಟೇ ನೋಡಿ, ಪಂಪ್ ಬದಲಿಸಿ, ತೊಂದರೆ ಹಾಗೇ ಉಳಿದಾಗ ಕೈಚೆಲ್ಲುತ್ತಾರೆ.

ಕೊಳವೆಯೊಳಗಿನ ಒತ್ತಡ

ಗ್ಯಾಸ್ ಪಂಪ್ ಅಂದರೆ ಎರಡೂ ತುದಿ ಮುಚ್ಚಿದ ಒಂದು ಉಕ್ಕಿನ ಕೊಳವೆ, ಅದರೊಳಗೆ ಜಾರುವ ಒಂದು ನಯವಾದ ದಂಡ. ಕೊಳವೆಯೊಳಗೆ ಒತ್ತಿ ತುಂಬಿದ ನೈಟ್ರೋಜನ್ ಅನಿಲ, ಜೊತೆಗೆ ಸ್ವಲ್ಪ ಎಣ್ಣೆ. ದಂಡದ ಒಳತುದಿಯಲ್ಲಿರುವ ಪಿಸ್ಟನ್ನಿನಲ್ಲಿ ಸಣ್ಣ ತೂತು ಇರುವುದರಿಂದ ಅನಿಲ ಅದರ ಎರಡೂ ಕಡೆಗೆ ಓಡಾಡಬಲ್ಲದು, ಒತ್ತಡವೂ ಎರಡೂ ಕಡೆ ಒಂದೇ ಆಗುತ್ತದೆ. ಹಾಗಿದ್ದರೆ ದಂಡವನ್ನು ಹೊರಕ್ಕೆ ತಳ್ಳುವುದು ಏನು? ಪಿಸ್ಟನ್ನಿನ ಒಂದು ಮುಖ ಪೂರ್ತಿ ಅನಿಲಕ್ಕೆ ತೆರೆದಿದೆ. ಇನ್ನೊಂದು ಮುಖದ ನಡುಭಾಗವನ್ನು ದಂಡವೇ ಆಕ್ರಮಿಸಿಕೊಂಡಿದೆ. ಆ ದಂಡದ ದಪ್ಪದಷ್ಟು ಜಾಗದ ವ್ಯತ್ಯಾಸವೇ ತಳ್ಳುವ ಬಲ.

ಆರು ಮಿ.ಮೀ. ದಪ್ಪದ ದಂಡ 100 ನ್ಯೂಟನ್ ಬಲ ಹಾಕಬೇಕಾದರೆ ಒಳಗೆ ಸುಮಾರು 35 ಬಾರ್ ಒತ್ತಡ ಬೇಕು. ಕಾರಿನ ಟೈರಿನಲ್ಲಿರುವ ಗಾಳಿಗಿಂತ ಇದು ಸುಮಾರು ಹದಿನೈದು ಪಟ್ಟು ಹೆಚ್ಚು. ಹಳೆಯ ಪಂಪ್ ಎಂದು ಅದನ್ನು ಗರಗಸದಲ್ಲಿ ಕೊಯ್ಯುವುದು, ಡ್ರಿಲ್ ಹಾಕುವುದು, ಬೆಂಕಿಗೆ ಎಸೆಯುವುದು ಅಪಾಯವಾಗುವುದು ಇದಕ್ಕೇ.

ಕೊಳವೆಯ ಮೇಲೆ 60N, 80N, 100N, 120N, 150N ಎಂದು ಅಚ್ಚಾಗಿರುತ್ತದೆ. N ಅಂದರೆ ನ್ಯೂಟನ್. ಹತ್ತು ನ್ಯೂಟನ್ ಸುಮಾರಾಗಿ ಒಂದು ಕೆ.ಜಿ. ಭಾರವನ್ನು ಎತ್ತಿ ಹಿಡಿಯುವ ಬಲ. ಹಾಗಾಗಿ 100N ಪಂಪ್ ಎಂದರೆ ಹತ್ತು ಕೆ.ಜಿ., 80N ಎಂದರೆ ಎಂಟು ಕೆ.ಜಿ. ಎಂದು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಈ ಅಂಕಿ ದಂಡ ಹೆಚ್ಚುಕಡಿಮೆ ಪೂರ್ತಿ ಹೊರಗೆ ಬಂದಾಗ ಅಳೆದದ್ದು. ದಂಡವನ್ನು ಒಳಕ್ಕೆ ಒತ್ತಿದಷ್ಟೂ ಅನಿಲಕ್ಕೆ ಜಾಗ ಕಡಿಮೆಯಾಗಿ ಬಲ ಏರುತ್ತದೆ. ಪೂರ್ತಿ ಒತ್ತಿದಾಗ 100N ಪಂಪ್ 120 ಅಥವಾ 130 ನ್ಯೂಟನ್ನಿನಲ್ಲಿ ತಳ್ಳುತ್ತಿರಬಹುದು. ಅಂದರೆ ಶಟರ್ ಮುಚ್ಚಿದ್ದಾಗಲೇ ಪಂಪ್ ಅತಿ ಜೋರಾಗಿ ತಳ್ಳುತ್ತಿರುತ್ತದೆ.

ಭಾರ ಅಳೆಯುವುದು ಹಿಂಜಿನಿಂದ

ಶಟರ್ ಹಿಂಜಿನ ಮೇಲೆ ತಿರುಗುವ ವಸ್ತು. ಅದನ್ನು ಕೆಳಕ್ಕೆ ಎಳೆಯುವುದು ಅದರ ತೂಕ. ಆದರೆ ಎಷ್ಟು ಎಳೆಯುತ್ತದೆ ಎಂಬುದನ್ನು ತೂಕವೊಂದೇ ನಿರ್ಧರಿಸುವುದಿಲ್ಲ. ತೂಕದ ನಡುಬಿಂದು ಹಿಂಜಿನಿಂದ ಎಷ್ಟು ಮುಂದಕ್ಕೆ ಬಂದಿದೆ ಎಂಬುದೂ ಸೇರುತ್ತದೆ. ಶಟರ್ ಮುಚ್ಚಿ ನೇತಾಡುವಾಗ ನಡುಬಿಂದು ಹಿಂಜಿನ ಕೆಳಗೇ ಇರುತ್ತದೆ, ಎಳೆತ ಹೆಚ್ಚುಕಡಿಮೆ ಸೊನ್ನೆ. ಅಡ್ಡಡ್ಡಕ್ಕೆ, ನೆಲಕ್ಕೆ ಸಮನಾಗಿ ಎತ್ತಿದಾಗ ನಡುಬಿಂದು ಶಟರಿನ ಅರ್ಧ ಎತ್ತರದಷ್ಟು ಮುಂದಕ್ಕೆ ಬಂದಿರುತ್ತದೆ, ಆಗ ಎಳೆತ ಗರಿಷ್ಠ. ಹಾಗಾಗಿ ಪಂಪಿನ ಬಲವನ್ನು ಆರಿಸುವುದು ಈ ಅಡ್ಡ ಸ್ಥಿತಿಯನ್ನು ನೋಡಿ.

ಪಂಪಿಗೂ ಇದೇ ಲೆಕ್ಕ. ಪಂಪ್ ತಳ್ಳುವ ಗೆರೆ ಹಿಂಜಿನಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತದೆಯೋ ಅಷ್ಟೇ ಅದರ ಬಲಕ್ಕೆ ಬೆಲೆ. ಸಾಮಾನ್ಯ ಜೋಡಣೆಯೊಂದನ್ನು ತೆಗೆದುಕೊಳ್ಳೋಣ. ಶಟರಿನ ಬ್ರ್ಯಾಕೆಟ್ ಹಿಂಜಿನಿಂದ ಎಂಟು ಸೆಂ.ಮೀ. ಕೆಳಗೆ. ಕಪಾಟಿನ ಪಕ್ಕದ ಹಲಗೆಯ ಬ್ರ್ಯಾಕೆಟ್ ಹಿಂಜಿನಿಂದ 25 ಸೆಂ.ಮೀ. ಕೆಳಗೆ, ನಾಲ್ಕು ಸೆಂ.ಮೀ. ಒಳಗೆ. ಇಲ್ಲಿ ಶಟರ್ ಅಡ್ಡಡ್ಡ ಇದ್ದಾಗ ಪಂಪಿನ ಗೆರೆ ಹಿಂಜಿನಿಂದ ಸುಮಾರು ಏಳು ಸೆಂ.ಮೀ. ದೂರದಲ್ಲಿ ಹಾಯುತ್ತದೆ. ಹತ್ತು ಕೆ.ಜಿ. ಬಲದ ಒಂದು ಪಂಪ್ ಏಳು ಸೆಂ.ಮೀ. ದೂರದಿಂದ ತಳ್ಳಿದರೆ ಎತ್ತುವ ಶಕ್ತಿ ಹತ್ತು ಏಳ್ಲ ಎಪ್ಪತ್ತು.

ತೂಕ ಹಾಕುವಾಗ ಹಿಡಿಕೆಯನ್ನು ಮರೆಯಬಾರದು. ಲಿಫ್ಟ್ ಜೋಡಣೆಗಳನ್ನು ಮಾಡುವ ಆಸ್ಟ್ರಿಯಾದ ಬ್ಲಮ್ ಕಂಪನಿ ತನ್ನ ಕ್ಯಾಟಲಾಗಿನಲ್ಲಿ ಕಪಾಟಿನ ಎತ್ತರವನ್ನು ಶಟರಿನ ತೂಕದಿಂದ ಗುಣಿಸಿ ಯಾವ ಜೋಡಣೆ ಬೇಕೆಂದು ಆರಿಸಲು ಹೇಳುತ್ತದೆ. ಆ ಗುಣಾಕಾರದಲ್ಲಿ ಹಿಡಿಕೆಯ ತೂಕವನ್ನು ಎರಡರಷ್ಟು ಮಾಡಿ ಸೇರಿಸಬೇಕು. ಕಾರಣ ಸರಳ. ಹಲಗೆಯ ತೂಕದ ನಡುಬಿಂದು ಶಟರಿನ ಮಧ್ಯದಲ್ಲಿದ್ದರೆ ಹಿಡಿಕೆ ಕೆಳ ಅಂಚಿನಲ್ಲಿದೆ, ಅಂದರೆ ಹಿಂಜಿನಿಂದ ಎರಡರಷ್ಟು ದೂರ. ನೂರು ಗ್ರಾಂ ಹಿಡಿಕೆ ಅಲ್ಲಿ ಇನ್ನೂರು ಗ್ರಾಮಿನ ಕೆಲಸ ಮಾಡುತ್ತದೆ.

ಒಂದೇ ಅಡುಗೆಮನೆ, ಎರಡು ಶಟರ್

ಬೆಂಗಳೂರಿನ ಒಂದು ಫ್ಲಾಟಿನಲ್ಲಿ ನೋಡಿದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಸಿಂಕಿನ ಮೇಲೆ 90 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಶಟರ್. ಚಿಮಣಿಯ ಪಕ್ಕದಲ್ಲಿ 60 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ್ದು. ಎರಡೂ 18 ಮಿ.ಮೀ. ಪ್ಲೈವುಡ್, ಎರಡೂ ಮುಖಕ್ಕೆ ಲ್ಯಾಮಿನೇಟ್. ಪಂಪ್ ಎರಡಕ್ಕೂ 100N ಜೋಡಿ. ದೊಡ್ಡದು ಸ್ವಲ್ಪ ಬಿರುಸಾದರೂ ಸರಿಯಾಗಿತ್ತು. ಚಿಕ್ಕದು ಮುಚ್ಚಿದರೆ ನಿಲ್ಲುತ್ತಿರಲಿಲ್ಲ.

‘ಎಲ್ಲಾ ಮನೆಗೂ ನೂರೇ ಹಾಕೋದು ಮೇಡಂ, ಅಂಗಡೀಲಿ ಡಬ್ಬಿಗಟ್ಟಲೆ ಅದೇ ಸಿಗೋದು’ ಎಂದ ಕಾರ್ಪೆಂಟರ್.

‘ಆ ಕಡೆದು ಸರಿಯಾಗಿದೆಯಲ್ಲಪ್ಪ. ಇದಕ್ಕೂ ಅದೇ ಹಾಕಿದ್ರೆ ಇದ್ಯಾಕೆ ಹಿಂಗೆ?’ ಎಂದು ಮನೆಯಾಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ತೂಕದಲ್ಲಿದೆ.

ದೊಡ್ಡ ಶಟರಿನ ಹಲಗೆ 4.8 ಕೆ.ಜಿ., ಹಿಡಿಕೆಯದ್ದು ಎರಡರಷ್ಟು ಸೇರಿಸಿ 5 ಕೆ.ಜಿ. ಅದರ ಅರ್ಧ ಎತ್ತರ 20 ಸೆಂ.ಮೀ. ಐದನ್ನು ಇಪ್ಪತ್ತರಿಂದ ಗುಣಿಸಿದರೆ ಕೆಳಕ್ಕೆ ಎಳೆಯುವ ಶಕ್ತಿ 100. ಎರಡು 100N ಪಂಪ್ ಎತ್ತುವುದು 140. ಎರಡು 80N ಹಾಕಿದ್ದರೆ 112, ಅದೇ ಸರಿಯಾದ ಆಯ್ಕೆ.

ಚಿಕ್ಕ ಶಟರಿನ ಹಲಗೆ 2.8 ಕೆ.ಜಿ., ಹಿಡಿಕೆ ಸೇರಿದರೆ 3 ಕೆ.ಜಿ. ಅರ್ಧ ಎತ್ತರ ಹದಿನೇಳೂವರೆ ಸೆಂ.ಮೀ. ಎಳೆತ ಸುಮಾರು 52. ಅದರ ಎದುರಿಗೂ ನಿಂತಿರುವುದು ಅದೇ 140. ಬೇಕಾದ್ದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು! ಅಗಲವೂ ಎತ್ತರವೂ ಎರಡೂ ಕಡಿಮೆಯಾದಾಗ ತೂಕವೂ ಕಡಿಮೆ, ಅದರ ದೂರವೂ ಕಡಿಮೆ. ಹಾಗಾಗಿ ಶಟರ್ ಚಿಕ್ಕದಾದರೆ ಎಳೆತ ಕಣ್ಣಂದಾಜಿಗೆ ತೋರುವುದಕ್ಕಿಂತ ಬೇಗ ಇಳಿಯುತ್ತದೆ.

ಲೆಕ್ಕ ಬೇಡವೆನ್ನುವವರಿಗೆ ಒಂದು ಕೈಯಾರೆ ಪರೀಕ್ಷೆ ಇದೆ. ಶಟರನ್ನು ಪೂರ್ತಿ ತೆರೆದು, ಕೆಳ ಅಂಚಿಗೆ ಒಂದು ಬಟ್ಟೆಚೀಲ ನೇತುಹಾಕಿ, ಅದರೊಳಗೆ ಅಕ್ಕಿಯನ್ನೋ ಸಕ್ಕರೆಯನ್ನೋ ಅರ್ಧರ್ಧ ಕೆ.ಜಿ.ಯಾಗಿ ಹಾಕುತ್ತ ಹೋಗಬೇಕು. ಚೀಲ ಬೀಳದಂತೆ ಕೆಳಗೆ ಒಂದು ಕೈ ಇರಲಿ. ಶಟರ್ ಇಳಿಯಲು ಶುರುವಾಗುವ ತೂಕವೇ ಪಂಪಿನ ಹೆಚ್ಚುವರಿ ಬಲದ ಅಳತೆ. ಇಲ್ಲಿ ಹೆಚ್ಚುವರಿ 88. ಅದನ್ನು ಶಟರಿನ ಎತ್ತರ 35ರಿಂದ ಭಾಗಿಸಿದರೆ ಸುಮಾರು ಎರಡೂವರೆ ಕೆ.ಜಿ. ಚಿಕ್ಕ ಶಟರಿನಲ್ಲಿ ಎರಡು ಕೆ.ಜಿ. ಅಕ್ಕಿಗೂ ಅದು ಅಲುಗಲಿಲ್ಲ. ಮೂರನೆಯ ಕೆ.ಜಿ. ಬಿದ್ದಾಗ ನಿಧಾನಕ್ಕೆ ಇಳಿಯಿತು. ಅರ್ಧ ಕೆ.ಜಿ.ಗೆ ಇಳಿಯುವ ಶಟರ್ ಆರೋಗ್ಯವಾಗಿದೆ ಎಂದುಕೊಳ್ಳಬಹುದು. ಒಂದೂವರೆ, ಎರಡು ಕೆ.ಜಿ. ತಡೆದುಕೊಂಡರೆ ಪಂಪ್ ಜಾಸ್ತಿಯಾಯಿತು.

ಮುಚ್ಚಿದಾಗ ಹಿಡಿದಿಡುವುದು ಯಾರು?

ಪಂಪ್ ಸರಿಯಾದ ಬಲದ್ದೇ ಇದ್ದರೂ ಶಟರ್ ಬಾಯಿ ಬಿಡಬಹುದು. ಅಡ್ಡ ಸ್ಥಿತಿಗೆ ಹೊಂದುವ ಪಂಪ್, ಶಟರ್ ಕಾಲುಭಾಗ ತೆರೆದಾಗ ಅಗತ್ಯಕ್ಕಿಂತ ಎಷ್ಟೋ ಬಲವಾಗಿರುತ್ತದೆ. ಅಲ್ಲಿ ಶಟರಿನ ಎಳೆತ ಇನ್ನೂ ಕಡಿಮೆ, ಪಂಪಿನ ತಳ್ಳುವಿಕೆ ಹೆಚ್ಚು. ಅದಕ್ಕೇ ಗ್ಯಾಸ್ ಪಂಪಿನ ಶಟರ್ ಒಂದು ಹಂತ ದಾಟಿದ ಮೇಲೆ ತಾನೇ ಮೇಲಕ್ಕೆ ಹೋಗುತ್ತದೆ. ಅದು ದೋಷವಲ್ಲ, ಅದರ ಸ್ವಭಾವ. ಬಿಟ್ಟಲ್ಲೇ ನಿಲ್ಲುವ ಶಟರ್ ಬೇಕೆಂದರೆ ಅದಕ್ಕೆ ಬೇರೆಯದೇ ಜೋಡಣೆ ಇದೆ.

ಹಾಗಾದರೆ ಪೂರ್ತಿ ಮುಚ್ಚಿದಾಗ, ಪಂಪ್ ಎಲ್ಲಕ್ಕಿಂತ ಜೋರಾಗಿ ತಳ್ಳುತ್ತಿರುವಾಗ, ಶಟರ್ ಹೇಗೆ ನಿಲ್ಲುತ್ತದೆ? ಎರಡು ಆಸರೆಗಳಿಂದ.

ಮೊದಲ ಆಸರೆ ದಿಕ್ಕು. ಮುಚ್ಚಿದ ಶಟರಿನಲ್ಲಿ ಪಂಪ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಅದರ ಕೆಳಗಿನ ಬ್ರ್ಯಾಕೆಟಿನಿಂದ ಮೇಲಿನ ಬ್ರ್ಯಾಕೆಟಿಗೆ ಒಂದು ಗೆರೆ ಎಳೆದು ಅದನ್ನು ಹಾಗೇ ಮೇಲಕ್ಕೆ ಮುಂದುವರಿಸಿ. ಆ ಗೆರೆ ಹಿಂಜಿನ ತಿರುಗುಬಿಂದುವಿನ ಹಿಂದೆ, ಅಂದರೆ ಕಪಾಟಿನ ಒಳಭಾಗಕ್ಕೆ ಹಾದುಹೋದರೆ ಪಂಪ್ ಶಟರನ್ನು ಮುಚ್ಚುವ ಕಡೆಗೇ ಒತ್ತುತ್ತದೆ. ತಿರುಗುಬಿಂದುವಿನ ಮುಂದೆ, ನಮ್ಮ ಕಡೆಗೆ ಹಾದುಹೋದರೆ ಅದೇ ಪಂಪ್ ತೆರೆಯುವ ಕಡೆಗೆ ಒತ್ತುತ್ತದೆ. ವ್ಯತ್ಯಾಸ ಕೆಲವೇ ಮಿಲಿಮೀಟರಿನದು. ಆದರೆ ಹತ್ತು ಹನ್ನೆರಡು ಕೆ.ಜಿ. ಬಲದ ಮುಂದೆ ಕೆಲವು ಮಿಲಿಮೀಟರೂ ಸಾಕು.

ಎರಡನೆಯ ಆಸರೆ ಹಿಂಜಿನೊಳಗಿನ ಸ್ಪ್ರಿಂಗ್. ಕಪಾಟುಗಳಿಗೆ ಹಾಕುವ ಆಟೋ ಹಿಂಜಿನಲ್ಲಿ ಕೊನೆಯ ಒಂದೆರಡು ಇಂಚು ಶಟರನ್ನು ತಾನೇ ಒಳಕ್ಕೆಳೆದುಕೊಳ್ಳುವ ಸ್ಪ್ರಿಂಗ್ ಇರುತ್ತದೆ. ಪಂಪಿನ ಗೆರೆ ಸ್ವಲ್ಪ ಮುಂದೆ ಹಾದರೂ ಈ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಹಿಡಿಕೆಯಿಲ್ಲದ, ಒತ್ತಿದರೆ ತೆರೆಯುವ ಶಟರುಗಳಿಗೆ ಸ್ಪ್ರಿಂಗ್ ಇಲ್ಲದ ಹಿಂಜ್ ಹಾಕಿರುತ್ತಾರೆ. ಅಲ್ಲಿ ಈ ತಡೆ ಇರುವುದಿಲ್ಲ. ಯಾವುದು ಇದೆ ಎಂದು ತಿಳಿಯಲು ಪಂಪುಗಳನ್ನು ಕಳಚಿದ ಮೇಲೆ ಮುಚ್ಚಿದ ಶಟರನ್ನು ನಿಧಾನವಾಗಿ ಎಳೆದು ನೋಡಿ. ಸ್ಪ್ರಿಂಗ್ ಇದ್ದರೆ ಮೊದಲ ಇಂಚಿನಲ್ಲಿ ಕೈಗೆ ತಡೆ ಸಿಕ್ಕಿ, ಆಮೇಲೆ ತಟ್ಟನೆ ಬಿಟ್ಟುಕೊಂಡಂತಾಗುತ್ತದೆ.

ಆದ್ದರಿಂದ ಶಟರ್ ಎಲ್ಲಿ ತಾನಾಗಿ ಚಲಿಸುತ್ತದೆ ಎಂಬುದನ್ನು ಗಮನಿಸುವುದೇ ಅರ್ಧ ಪರಿಹಾರ. ಮುಚ್ಚಿದಲ್ಲಿಂದ ನಿಧಾನವಾಗಿ ಬಾಯಿ ಬಿಟ್ಟು ಒಂದೆರಡು ಬೆರಳಿನಲ್ಲೇ ನಿಂತರೆ ದಿಕ್ಕನ್ನೂ ಹಿಂಜನ್ನೂ ಅನುಮಾನಿಸಬೇಕು. ಬಾಯಿ ಬಿಟ್ಟಿದ್ದೇ ನಿಲ್ಲದೆ ಪೂರ್ತಿ ಮೇಲೆ ಹೋಗಿ, ಅಕ್ಕಿ ಚೀಲದ ಪರೀಕ್ಷೆಯಲ್ಲೂ ಜಗ್ಗದಿದ್ದರೆ ಬಲ ಜಾಸ್ತಿ. ನಮ್ಮ ಚಿಕ್ಕ ಶಟರಿನಲ್ಲಿ ಎರಡೂ ಇದ್ದವು.

ಬಲ ಇಳಿಸುವುದು

ಸಾಮಾನ್ಯ ಗ್ಯಾಸ್ ಪಂಪಿನಲ್ಲಿ ತಿರುಗಿಸಲು ಯಾವ ಸ್ಕ್ರೂ ಕೂಡ ಇಲ್ಲ. ಬಲ ಇಳಿಸಬೇಕೆಂದರೆ ಒಂದೋ ಪಂಪ್ ಕಡಿಮೆ ಮಾಡಬೇಕು, ಇಲ್ಲವೇ ಕಡಿಮೆ ನ್ಯೂಟನ್ನಿನದು ಹಾಕಬೇಕು.

ಪಂಪ್ ಕಳಚುವುದು ಯಾವಾಗಲೂ ಶಟರ್ ಪೂರ್ತಿ ತೆರೆದಿದ್ದಾಗ. ಆಗ ದಂಡ ಹೊರಗೆ ಬಂದು ಪಂಪ್ ಸಡಿಲವಾಗಿರುತ್ತದೆ. ಇನ್ನೊಬ್ಬರು ಶಟರನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು, ಏಕೆಂದರೆ ಎರಡನೆಯ ಪಂಪ್ ಕಳಚಿದ ಗಳಿಗೆಯಲ್ಲಿ ಪೂರ್ತಿ ಭಾರ ಕೆಳಗೆ ಬರುತ್ತದೆ. ಪಂಪಿನ ತುದಿಯ ಬಟ್ಟಲು ಬ್ರ್ಯಾಕೆಟಿನ ಗುಂಡಿಗೆ ಸಿಕ್ಕಿಕೊಂಡಿರುತ್ತದೆ. ಅದರ ಮೇಲಿನ ತಂತಿ ಕ್ಲಿಪ್ಪನ್ನು ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿ, ಪಂಪನ್ನು ಪಕ್ಕಕ್ಕೆಳೆದರೆ ಕಳಚಿಕೊಳ್ಳುತ್ತದೆ. ಕ್ಲಿಪ್ಪನ್ನು ಪೂರ್ತಿ ಕಿತ್ತುಹಾಕುವ ಅಗತ್ಯವಿಲ್ಲ.

ಚಿಕ್ಕ ಶಟರಿಗೆ ಬೇಕಾದ್ದು 52. ಒಂದು 100N ಪಂಪ್ ಕೊಡುವುದು 70, ಒಂದು 80N ಕೊಡುವುದು 56. ಅಂಗಡಿಯವರು ಸೂಚಿಸುವ 60N ಜೋಡಿಯಾದರೆ 84. ಅಂದರೆ ಎರಡು ಸಣ್ಣ ಪಂಪಿಗಿಂತ ಒಂದೇ 80N ಹತ್ತಿರದ ಉತ್ತರ. 60 ಸೆಂ.ಮೀ. ಅಗಲದ 18 ಮಿ.ಮೀ. ಪ್ಲೈವುಡ್ ಗಟ್ಟಿಯಾಗಿರುವುದರಿಂದ ಒಂದೇ ಕಡೆ ತಳ್ಳಿದರೂ ಕಾಣುವಷ್ಟು ತಿರುಚಿಕೊಳ್ಳುವುದಿಲ್ಲ. 90 ಸೆಂ.ಮೀ. ಅಗಲದ್ದಕ್ಕೆ ಹೀಗೆ ಮಾಡಬಾರದು. ಪಂಪಿಲ್ಲದ ಮೂಲೆ ಜೋತು, ಮುಚ್ಚುವಾಗ ಒಂದು ಕಡೆ ಮೊದಲು ತಾಗುತ್ತದೆ. ಅಲ್ಲಿ ಎರಡೂ ಕಡೆ ಒಂದೇ ಬಲದ 80N ಇರಲಿ. ಒಂದು ಕಡೆ 100, ಇನ್ನೊಂದು ಕಡೆ 60 ಹಾಕಿ ಮೊತ್ತ ಸರಿಮಾಡುವ ಉಪಾಯ ಬೇಡ.

ಹೊಸ ಪಂಪ್ ಹಾಕುವಾಗ ತೆಳು ದಂಡ ಕೆಳಗೆ, ದಪ್ಪ ಕೊಳವೆ ಮೇಲೆ ಇರಬೇಕು. ಆಗ ಒಳಗಿನ ಎಣ್ಣೆ ದಂಡದ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ, ಶಟರ್ ಮೇಲೆ ತಲುಪುವ ಕೊನೆಯ ಗಳಿಗೆಯಲ್ಲಿ ವೇಗವನ್ನೂ ತಗ್ಗಿಸುತ್ತದೆ. ತಲೆಕೆಳಗಾಗಿ ಹಾಕಿದ ಪಂಪ್ ಕೊನೆಯಲ್ಲಿ ಬಡಿಯುತ್ತದೆ, ಬೇಗ ಸೋರುತ್ತದೆ. ಕೊಳ್ಳುವಾಗ ಹಳೆಯದರ ಒಟ್ಟು ಉದ್ದವನ್ನೂ ದಂಡ ಒಳಹೋಗುವ ಉದ್ದವನ್ನೂ ಅಳೆದುಕೊಂಡು ಹೋಗಬೇಕು. ನ್ಯೂಟನ್ ಸರಿಯಿದ್ದು ಉದ್ದ ಬೇರೆಯಾದರೆ ಹಳೆಯ ಬ್ರ್ಯಾಕೆಟ್ ಜಾಗ ಕೆಲಸಕ್ಕೆ ಬರುವುದಿಲ್ಲ.

ಕೆಲವು ಪಂಪುಗಳ ತುದಿಯಲ್ಲಿ ಗ್ಯಾಸ್ ಬಿಡಲು ಸಣ್ಣ ವಾಲ್ವ್ ಸ್ಕ್ರೂ ಇರುತ್ತದೆ. ಅಂಥದ್ದಿದ್ದರೆ ದಂಡ ಕೆಳಮುಖವಾಗಿರುವಂತೆ ಪಂಪನ್ನು ನೆಟ್ಟಗೆ ಹಿಡಿದು, ಆಲನ್ ಕೀಯಿಂದ ಸ್ಕ್ರೂವನ್ನು ಬಹಳ ನಿಧಾನಕ್ಕೆ ಸಡಿಲಿಸಿ, ‘ಉಸ್’ ಎಂದ ಕೂಡಲೇ ಬಿಗಿಮಾಡಬೇಕು. ಮತ್ತೆ ಜೋಡಿಸಿ ನೋಡಬೇಕು. ಬಿಟ್ಟ ಗ್ಯಾಸನ್ನು ಮನೆಯಲ್ಲಿ ತುಂಬಲಾಗದು, ಹಾಗಾಗಿ ಒಂದು ಸಲಕ್ಕೆ ಒಂದು ಉಸಿರು ಮಾತ್ರ. ವಾಲ್ವ್ ಇಲ್ಲದ ಪಂಪಿನ ಮೇಲೆ ಈ ಪ್ರಯೋಗ ಮಾಡುವಂತಿಲ್ಲ.

ಇನ್ನು ಬಿಟ್ಟಲ್ಲೇ ನಿಲ್ಲುವ, ದುಬಾರಿ ಲಿಫ್ಟ್ ಜೋಡಣೆಗಳು. ಇವುಗಳ ಪೆಟ್ಟಿಗೆಯೊಳಗೆ ಇರುವುದು ಸಾಮಾನ್ಯವಾಗಿ ಗ್ಯಾಸ್ ಅಲ್ಲ, ಉಕ್ಕಿನ ಸ್ಪ್ರಿಂಗ್. ಇವುಗಳಲ್ಲಿ ಬಲ ಹೊಂದಿಸುವ ಸ್ಕ್ರೂ ಇರುತ್ತದೆ, ಪಕ್ಕದಲ್ಲಿ ಕೂಡು-ಕಳೆ ಗುರುತೂ ಇರುತ್ತದೆ. ಶಟರನ್ನು ಅರ್ಧ ತೆರೆದು ಕೈ ಬಿಡಬೇಕು. ಮೇಲಕ್ಕೆ ತೇಲಿದರೆ ಕಳೆ ಗುರುತಿನ ಕಡೆಗೆ, ಕೆಳಕ್ಕೆ ಜಾರಿದರೆ ಕೂಡು ಗುರುತಿನ ಕಡೆಗೆ, ಎರಡೂ ಪಕ್ಕದ ಸ್ಕ್ರೂಗಳನ್ನು ಸಮನಾಗಿ ತಿರುಗಿಸಬೇಕು. ಅರ್ಧದಲ್ಲಿ ಅಲುಗದೆ ನಿಂತಾಗ ಹೊಂದಾಣಿಕೆ ಮುಗಿಯಿತು. ಸ್ಕ್ರೂ ಕೊನೆ ಮುಟ್ಟಿದರೂ ತೇಲುತ್ತಿದ್ದರೆ ಆ ಶಟರಿಗೆ ಆ ಪೆಟ್ಟಿಗೆಯೇ ದೊಡ್ಡದಾಯಿತು. ಅದೇ ಶ್ರೇಣಿಯ ಕೆಳಗಿನ ಅಳತೆಯದು ಬೇಕು.

ದಿಕ್ಕು ತಿದ್ದುವುದು

ಚಿಕ್ಕ ಶಟರಿಗೆ ಒಂದೇ 80N ಹಾಕಿದ ಮೇಲೆ ಹಾರಿ ಬಡಿಯುವುದು ನಿಂತಿತು. ಅಕ್ಕಿ ಚೀಲದ ಪರೀಕ್ಷೆಯಲ್ಲಿ ಕಾಲು ಕೆ.ಜಿ.ಗೇ ಇಳಿಯಿತು. ಆದರೂ ಮುಚ್ಚಿದಾಗ ಒಂದು ಬೆರಳಿನಷ್ಟು ಬಾಯಿ ಬಿಡುವುದು ಉಳಿದೇ ಇತ್ತು. ಏಕೆಂದರೆ ಆ ಶಟರಿನದು ಸ್ಪ್ರಿಂಗ್ ಇಲ್ಲದ ಹಿಂಜ್. ಪಂಪಿನ ಬಲ ಇಳಿದಿತ್ತೇ ಹೊರತು ದಿಕ್ಕು ತೆರೆಯುವ ಕಡೆಗೇ ಇತ್ತು.

ದಿಕ್ಕನ್ನು ನೋಡಲು ಒಂದು ರಟ್ಟು ಸಾಕು. ಹಿಂಜಿನ ತಿರುಗುಬಿಂದು, ಮುಚ್ಚಿದ ಸ್ಥಿತಿಯಲ್ಲಿ ಶಟರಿನ ಬ್ರ್ಯಾಕೆಟ್ ಗುಂಡಿ, ಪಕ್ಕದ ಹಲಗೆಯ ಬ್ರ್ಯಾಕೆಟ್ ಗುಂಡಿ, ಈ ಮೂರನ್ನು ನಿಜ ಅಳತೆಯಲ್ಲೇ ಗುರುತು ಮಾಡಿ, ಎರಡು ಗುಂಡಿಗಳ ಮೂಲಕ ಸ್ಕೇಲಿಟ್ಟು ಗೆರೆ ಎಳೆಯಬೇಕು. ಇಲ್ಲಿ ಶಟರಿನ ಗುಂಡಿ ಹಿಂಜಿನಿಂದ ಎಂಟು ಸೆಂ.ಮೀ. ಕೆಳಗೆ, ಒಂದು ಸೆಂ.ಮೀ. ಒಳಗೆ. ಕಪಾಟಿನ ಗುಂಡಿ 25 ಸೆಂ.ಮೀ. ಕೆಳಗೆ, ನಾಲ್ಕು ಸೆಂ.ಮೀ. ಒಳಗೆ. ಗೆರೆ ಹಿಂಜಿನ ಮುಂದೆ ಸುಮಾರು ನಾಲ್ಕು ಮಿ.ಮೀ.ನಲ್ಲಿ ಹಾಯಿತು. ಇದೇ ಬಾಯಿ ಬಿಡಿಸುತ್ತಿದ್ದದ್ದು.

ಕಪಾಟಿನ ಬ್ರ್ಯಾಕೆಟನ್ನು ಮುಂಭಾಗದ ಕಡೆಗೆ ಒಂದೂವರೆ ಸೆಂ.ಮೀ. ಸರಿಸಿ, ನಾಲ್ಕರ ಬದಲು ಎರಡೂವರೆ ಸೆಂ.ಮೀ. ಒಳಗೆ ಬರುವಂತೆ ಮಾಡಿದಾಗ ಗೆರೆ ಹಿಂಜಿನ ಹಿಂದಕ್ಕೆ ಬಂತು. ಅದೇ ಪಂಪ್ ಈಗ ಶಟರನ್ನು ಮುಚ್ಚಿ ಹಿಡಿಯತೊಡಗಿತು. ಅಡ್ಡ ಸ್ಥಿತಿಯಲ್ಲಿ ಪಂಪಿನ ಗೆರೆ ಹಿಂಜಿನಿಂದ ಇರುವ ದೂರ ಮಾತ್ರ ಒಂದೆರಡು ಮಿ.ಮೀ. ಬಿಟ್ಟರೆ ಬದಲಾಗುವುದಿಲ್ಲ. ಎತ್ತುವ ಶಕ್ತಿ ಹಾಗೇ ಉಳಿದು ಮುಚ್ಚಿದಾಗಿನ ನಡತೆ ಮಾತ್ರ ತಿದ್ದಿಕೊಳ್ಳುವುದು ಈ ಸರಿಸುವಿಕೆಯ ಅನುಕೂಲ. ತೀರ ಮುಂದಕ್ಕೆ ತಂದರೆ ಶಟರ್ ತೆರೆಯಲು ಜೋರಾಗಿ ಎಳೆಯಬೇಕಾಗುತ್ತದೆ, ಅಷ್ಟೇ.

ಶಟರಿನ ಮೇಲಿನ ಬ್ರ್ಯಾಕೆಟನ್ನು ಸರಿಸುವ ಪರಿಣಾಮ ಬೇರೆ. ಅದನ್ನು ಹಿಂಜಿಗೆ ಒಂದು ಸೆಂ.ಮೀ. ಹತ್ತಿರ ತಂದರೆ ಎತ್ತುವ ಶಕ್ತಿ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಜೊತೆಗೆ ಶಟರ್ ಮೊದಲಿಗಿಂತ ಮೇಲಕ್ಕೆ ಹೋಗುತ್ತದೆ. ಮೇಲೆ ಅಟ್ಟದ ಶಟರೋ ಫಾಲ್ಸ್ ಸೀಲಿಂಗೋ ಇದ್ದರೆ ತಾಗೀತು. ಹಿಂಜಿನಿಂದ ದೂರ ಸರಿಸಿದರೆ ಇನ್ನೊಂದು ಅಪಾಯ. ಶಟರ್ ಮುಚ್ಚುವ ಮೊದಲೇ ದಂಡ ಪೂರ್ತಿ ಒಳಹೋಗಿ, ಮುಂದಕ್ಕೆ ಒತ್ತಿದಾಗ ಬ್ರ್ಯಾಕೆಟಿನ ಸ್ಕ್ರೂಗಳನ್ನೇ ಕೀಳುತ್ತದೆ. ಮುಚ್ಚಿದಾಗಲೂ ದಂಡ ಕೆಲವು ಮಿ.ಮೀ. ಹೊರಗೆ ಉಳಿದಿರಲೇಬೇಕು.

ಹಳೆಯ ಸ್ಕ್ರೂ ತೂತುಗಳಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ಬಡಿದು ಮುಚ್ಚಿ, ಹೊಸ ತೂತನ್ನು ಅದರಿಂದ ಕನಿಷ್ಠ ಒಂದು ಸೆಂ.ಮೀ. ದೂರದಲ್ಲಿ ಹಾಕಬೇಕು. ಇಲ್ಲದಿದ್ದರೆ ಸ್ಕ್ರೂ ಹಳೆಯ ದಾರಿಗೇ ಜಾರುತ್ತದೆ. ಬ್ರ್ಯಾಕೆಟ್ ಸರಿಸಲು ಜಾಗವಿಲ್ಲದಿದ್ದರೆ ಸ್ಪ್ರಿಂಗ್ ಇರುವ ಹಿಂಜ್ ಹಾಕಬಹುದು, ಇಲ್ಲವೇ ಕೆಳ ಅಂಚಿಗೆ ಒಂದು ಮ್ಯಾಗ್ನೆಟ್ ಕ್ಯಾಚ್ ಕೂರಿಸಬಹುದು. ಪಂಪಿನ ಬಲ ಸರಿಯಿದ್ದಾಗ ಮ್ಯಾಗ್ನೆಟ್ ಒಳ್ಳೆಯ, ಅಗ್ಗದ ಪರಿಹಾರ. ಬಲ ಜಾಸ್ತಿಯಿದ್ದು ಮ್ಯಾಗ್ನೆಟ್ ಹಾಕಿದರೆ ಮಾತ್ರ ತೊಂದರೆ ಮುಚ್ಚಿಟ್ಟಂತೆ. ಬಿಟ್ಟುಕೊಂಡ ಗಳಿಗೆಯಲ್ಲಿ ಶಟರ್ ಇನ್ನೂ ರಭಸದಿಂದ ಹಾರುತ್ತದೆ.

ಏಪ್ರಿಲಿನಲ್ಲಿ ಮಾತ್ರ ಏಳುವ ಶಟರ್

ಚಳಿಗಾಲದಲ್ಲಿ ಸುಮ್ಮನಿದ್ದ ಶಟರ್ ಬೇಸಿಗೆಯಲ್ಲಿ ಬಾಯಿ ಬಿಡುವುದುಂಟು. ಪಂಪಿನ ಮೇಲಿನ ಅಂಕಿ 20 ಡಿಗ್ರಿ ಸೆಲ್ಸಿಯಸ್ಸಿನದು. ಅನಿಲ ಕಾದಂತೆ ಪ್ರತಿ ಮೂರು ಡಿಗ್ರಿಗೆ ಬಲ ಸುಮಾರು ಶೇಕಡಾ ಒಂದರಷ್ಟು ಏರುತ್ತದೆ. ಒಲೆಯ ಮೇಲಿನ ಕಪಾಟಿನೊಳಗೆ 40 ಡಿಗ್ರಿ ಇದ್ದರೆ 100N ಪಂಪ್ 107 ಆಗಿರುತ್ತದೆ. ಏರಿಕೆ ಸಣ್ಣದೇ. ಆದರೆ ಹಿಂಜಿನ ಸ್ಪ್ರಿಂಗೂ ಪಂಪೂ ಸಮಸಮ ನಿಂತಿದ್ದಲ್ಲಿ ಆ ಏಳು ನ್ಯೂಟನ್ನೇ ಗೆಲ್ಲುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯ ಅಡುಗೆಮನೆಗಳಲ್ಲಿ ಪಂಪ್ ಆರಿಸುವಾಗ ಲೆಕ್ಕಕ್ಕಿಂತ ಮೇಲಿನದಕ್ಕೆ ಹೋಗದೆ ಹತ್ತಿರದ್ದರಲ್ಲೇ ನಿಲ್ಲುವುದು ಲೇಸು. ಹೊಂದಾಣಿಕೆಯ ಪರೀಕ್ಷೆಯನ್ನೂ ಅಡುಗೆ ಮುಗಿದು ಕಪಾಟು ಬಿಸಿಯಾಗಿರುವಾಗ ಮಾಡಬೇಕು. ಚಳಿಯ ನಸುಕಿನಲ್ಲಿ ಅದೇ ಶಟರ್ ಸ್ವಲ್ಪ ಆಲಸ್ಯ ತೋರಿಸಿದರೆ ಅದನ್ನು ದೋಷವೆನ್ನಬೇಕಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಒಂದು ಚಿಕ್ಕ ಕೆಲಸ ಉಳಿಯುತ್ತದೆ. ಶಟರಿನ ತೂಕ, ಹಾಕಿದ ಪಂಪಿನ ನ್ಯೂಟನ್ ಮತ್ತು ಉದ್ದ, ಹಿಂಜಿನಿಂದ ಎರಡೂ ಬ್ರ್ಯಾಕೆಟಿನ ದೂರ, ಇವನ್ನು ಕಪಾಟಿನ ಒಳಗಡೆ ಪೆನ್ಸಿಲಿನಲ್ಲಿ ಬರೆದಿಡಬೇಕು. ಕೆಲವು ವರ್ಷಗಳ ಮೇಲೆ ಗ್ಯಾಸ್ ಇಳಿದು ಪಂಪ್ ಬದಲಿಸುವ ದಿನ ಬಂದೇ ಬರುತ್ತದೆ, ಅಷ್ಟರಲ್ಲಿ ಕೊಳವೆಯ ಮೇಲಿನ ಅಚ್ಚು ಎಣ್ಣೆಜಿಡ್ಡಿನಲ್ಲಿ ಅಳಿಸಿಹೋಗಿರುತ್ತದೆ. ಆಗ ಬರುವ ಕಾರ್ಪೆಂಟರಿನ ಚೀಲದಲ್ಲಿರುವುದು ಬಹುಶಃ ಮತ್ತೆ ಅದೇ 100N ಜೋಡಿ. ಒಳಗಡೆ ‘80N, ಒಂದೇ’ ಎಂದು ಬರೆದಿದ್ದರೆ ಅಂಗಡಿಗೆ ಇನ್ನೊಂದು ಸಲ ಹೋಗಿಬರಲು ಅವನಿಗೂ ಕಾರಣ ಸಿಗುತ್ತದೆ, ಕೇಳಿ ತರಿಸಲು ನಿಮಗೂ.